‘ಕಾಫಿ’ ‘ತಾಫಿ’ ಆದಾಗ: ಮಗುವಿನ ಉಚ್ಚಾರಣೆಯ ತಪ್ಪಿನ ಹಿಂದಿನ ನಿಯಮ ಹುಡುಕುವುದು ಹೇಗೆ?

ಕೊಡಗಿನ ಸುಂಟಿಕೊಪ್ಪದ ಕಡೆಯಿಂದ ಒಬ್ಬ ಹುಡುಗನನ್ನು ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ವಯಸ್ಸು 4 ವರ್ಷ 4 ತಿಂಗಳು. ಜೊತೆಗೆ ತಾಯಿ, ಅಜ್ಜಿ. ಮನೆಮಾತು ಕನ್ನಡ. ಹುಡುಗ ಚುರುಕು, ಮಾತೂ ಜಾಸ್ತಿ. ಆದರೆ ‘ಕಾಫಿ ತೋಟ’ ಅವನ ಬಾಯಲ್ಲಿ ‘ತಾಫಿ ತೋಟ’, ‘ಸ್ಕೂಲ್’ ‘ತೂಲ್’, ‘ಬ್ರಷ್’ ‘ಬಸ್’.

"ಇವನಪ್ಪನೂ ಚಿಕ್ಕೋನಿದ್ದಾಗ ಹೀಗೇ ಇದ್ದ ಮೇಡಂ, ಆಮೇಲೆ ತಾನಾಗೇ ಸರಿ ಹೋಯ್ತು" ಅಂದರು ಅಜ್ಜಿ. "ಅಂಗನವಾಡಿ ಟೀಚರಿಗೆ ಇವನು ಹೇಳೋದು ಅರ್ಧ ಅರ್ಥನೇ ಆಗಲ್ವಂತೆ" ಅಂದರು ತಾಯಿ. ಕಾಯಬೇಕಾ, ಚಿಕಿತ್ಸೆ ಶುರು ಮಾಡಬೇಕಾ? ಮಗು ಯಾವ ನಿಯಮದಂತೆ ತಪ್ಪುತ್ತಿದೆ ಅಂತ ಗೊತ್ತಾಗದೆ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಆ ನಿಯಮವನ್ನು ಹುಡುಕುವ ದಾರಿಯನ್ನು ಈ ಹುಡುಗನ ಉದಾಹರಣೆ ಇಟ್ಟುಕೊಂಡೇ ಇಲ್ಲಿ ಹೇಳುತ್ತೇನೆ. ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರು, ಅಪ್ಪ ಅಮ್ಮಂದಿರು ಇದರಲ್ಲಿ ಬಹುಪಾಲನ್ನು ತಾವೇ ಮಾಡಬಹುದು. ರೋಗನಿರ್ಣಯ ಮಾತ್ರ ವಾಕ್ ಚಿಕಿತ್ಸಕರ ಕೆಲಸ.

ಮೊದಲು ಒಂದು ಕೀಲಿಕೈ: ನಮ್ಮ ವರ್ಣಮಾಲೆ

ಕ, ಚ, ಟ, ತ, ಪ ಅಂತ ಒಂದೊಂದಾಗಿ ನಿಧಾನವಾಗಿ ಹೇಳಿ ನೋಡಿ. ‘ಕ’ ಅನ್ನುವಾಗ ನಾಲಿಗೆಯ ಹಿಂಭಾಗ ಮೇಲೆದ್ದು ಗಂಟಲ ಹತ್ತಿರ ತಾಗುತ್ತದೆ. ‘ಚ’ಕ್ಕೆ ನಾಲಿಗೆಯ ನಡುಭಾಗ, ‘ಟ’ಕ್ಕೆ ಮೇಲಕ್ಕೆ ಮಡಚಿದ ತುದಿ, ‘ತ’ಕ್ಕೆ ಹಲ್ಲಿನ ಹಿಂದೆ ತಾಗುವ ತುದಿ, ‘ಪ’ಕ್ಕೆ ತುಟಿ. ನಮ್ಮ ವರ್ಗಗಳು ಬಾಯಿಯ ಹಿಂದಿನಿಂದ ಮುಂದಕ್ಕೆ ಸಾಲಾಗಿ ನಿಂತಿವೆ.

ಮಗು ಹಿಂದಿನ ವರ್ಗದ ಶಬ್ದ ಬಿಟ್ಟು ಮುಂದಿನ ವರ್ಗದ ಶಬ್ದ ಹೇಳಿದರೆ ಅದಕ್ಕೆ ಫ್ರಂಟಿಂಗ್ ಅನ್ನುತ್ತೇವೆ. ಮಾತು ಬಾಯಲ್ಲಿ ಮುಂದಕ್ಕೆ ಸರಿದಿದೆ ಅಂತ ಅರ್ಥ. ‘ಕಾಗೆ’ ‘ತಾದೆ’ ಆದಾಗ ಏನಾಯಿತು ನೋಡಿ. ‘ಕ’ ಕವರ್ಗದ ಮೊದಲ ಅಕ್ಷರ, ಅದು ತವರ್ಗದ ಮೊದಲ ಅಕ್ಷರ ‘ತ’ ಆಯಿತು. ‘ಗ’ ಮೂರನೆಯದು, ಅದು ತವರ್ಗದ ಮೂರನೆಯದಾದ ‘ದ’ ಆಯಿತು. ಮಗು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹಾರಿದೆ, ಆದರೆ ಸಾಲಿನೊಳಗಿನ ಜಾಗ ತಪ್ಪಿಸಿಲ್ಲ. ಬಾಯಿಗೆ ಬಂದದ್ದನ್ನು ಹೇಳುವ ಮಗುವಿಗೆ ಇಷ್ಟು ಅಚ್ಚುಕಟ್ಟು ಸಾಧ್ಯವಿಲ್ಲ. ಅದರ ತಲೆಯಲ್ಲಿ ಒಂದು ನಿಯಮ ಇದೆ. ಅದಕ್ಕೇ ಒಂದೊಂದೇ ಪದ ತಿದ್ದುತ್ತಾ ಕೂತರೆ ಹೆಚ್ಚು ಪ್ರಯೋಜನ ಆಗುವುದಿಲ್ಲ.

ಎರಡನೆಯದು ಕ್ಲಸ್ಟರ್ ರಿಡಕ್ಷನ್. ಬೇರೆ ಬೇರೆ ವ್ಯಂಜನಗಳು ಸ್ವರವಿಲ್ಲದೆ ಕೂಡಿಕೊಂಡಾಗ ಮಗು ಅದರಲ್ಲಿ ಒಂದನ್ನು ಬೀಳಿಸುತ್ತದೆ. ‘ಪ್ಲೇಟ್’ ‘ಪೇಟ್’ ಆಗುತ್ತದೆ. ಇಲ್ಲಿ ಶಾಲೆಯ ವ್ಯಾಕರಣ ನೆನಪಿಗೆ ಬರಲಿ. ‘ಅಕ್ಕ’ದಲ್ಲಿರುವುದು ಸಜಾತೀಯ ಒತ್ತು. ಅದು ಒಂದೇ ಶಬ್ದವನ್ನು ಹಿಡಿದು ಬಿಡುವುದು ಅಷ್ಟೇ, ಕ್ಲಸ್ಟರ್ ಅಲ್ಲ. ನಮಗೆ ಬೇಕಾದದ್ದು ವಿಜಾತೀಯ ಒತ್ತು. ಸೊನ್ನೆ ಇರುವ ಪದಗಳಲ್ಲಿ ಬರಹ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ‘ಚಂದ್ರ’ ಬರೆದಾಗ ಒಂದೇ ಒತ್ತು ಕಾಣುತ್ತದೆ, ಆದರೆ ಬಾಯಲ್ಲಿ ನ್, ದ್, ರ್ ಅಂತ ಮೂರು ಶಬ್ದ ಸಾಲಾಗಿ ಬರುತ್ತವೆ. ಆದ್ದರಿಂದ ಕಣ್ಣಿಗಿಂತ ಕಿವಿಯನ್ನು ನಂಬಿ.

ಹೆಜ್ಜೆ 1: ಕಿವಿ ಮತ್ತು ಮನೆಮಾತು ವಿಚಾರಿಸಿ

ಕೇಳಿಸದ ಶಬ್ದವನ್ನು ಮಗು ಹೇಳುವುದಾದರೂ ಹೇಗೆ? ಕೊಡಗಿನ ಮಳೆಗಾಲದಲ್ಲಿ ಮಕ್ಕಳಿಗೆ ನೆಗಡಿ ಬಿಡದೆ ಕಾಡುತ್ತದೆ. ನೆಗಡಿ ಜೊತೆಗೆ ಕಿವಿಯ ಒಳಗೆ ದ್ರವ ಕಟ್ಟಿಕೊಂಡರೆ ಕೇಳುವಿಕೆ ಕೆಲವು ವಾರ ಮಂದವಾಗಬಹುದು. ಆ ಹೊತ್ತಿನಲ್ಲಿ ಮಾಡಿದ ಪರೀಕ್ಷೆ ನಂಬಲು ಆಗುವುದಿಲ್ಲ. ಕಿವಿ ಸೋರುತ್ತದಾ, ಟಿವಿ ಜೋರಾಗಿ ಇಡಲು ಕೇಳುತ್ತದಾ, ಹಿಂದಿನಿಂದ ಕರೆದರೆ ತಿರುಗುತ್ತದಾ ಅಂತ ವಿಚಾರಿಸಿ. ಇವುಗಳಿಗೆ ಸರಿಯಾದ ಉತ್ತರ ಬಂದರೂ ಆಡಿಯಾಲಜಿಸ್ಟ್ ಹತ್ತಿರ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಲೇಬೇಕು. ನಮ್ಮ ಹುಡುಗನ ಕಿವಿ ಸರಿಯಾಗಿತ್ತು.

ನಾಲಿಗೆ ಅಂಟಿಕೊಂಡಿದೆ, ಅದಕ್ಕೇ ಹೀಗೆ ಅಂತ ತುಂಬಾ ಜನ ಹೇಳುತ್ತಾರೆ. ಈ ಮಕ್ಕಳ ವಿಷಯದಲ್ಲಿ ಅದು ಹೊಂದುವುದಿಲ್ಲ. ನಾಲಿಗೆ ಕೆಳಗಿನ ಪೊರೆ ಹಿಡಿದಿಡುವುದು ತುದಿಯನ್ನು. ತುದಿಗೇ ತೊಂದರೆ ಇದ್ದರೆ ಮೊದಲು ಕೆಡಬೇಕಾದದ್ದು ‘ತ’, ‘ಲ’, ‘ಟ’. ನಮ್ಮ ಮಗು ‘ತ’ವನ್ನು ಚೆನ್ನಾಗಿ ಹೇಳಿ ‘ಕ’ವನ್ನು ಬಿಡುತ್ತಿದೆ. ಬಜೆ ತೇಯ್ದು ನೆಕ್ಕಿಸಿದರೂ ‘ಕ’ ಬರುವುದಿಲ್ಲ.

ಇನ್ನು ಮನೆಮಾತು. ಕೊಡಗಿನಲ್ಲಿ ಇದನ್ನು ಬಿಟ್ಟರೆ ದೊಡ್ಡ ತಪ್ಪಾಗುತ್ತದೆ. ಒಂದು ಅಂಗನವಾಡಿಯಲ್ಲೇ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವ ಮಾತಾಡುವ ಮನೆಯ ಮಕ್ಕಳು ಸಿಗಬಹುದು. ಕೊಡವ ಮನೆಯ ಮಗು ‘ಹಾಲು’ ಬದಲು ‘ಪಾಲ್’, ‘ಹಂದಿ’ ಬದಲು ‘ಪಂದಿ’ ಅಂದರೆ ಅದು ಅವರ ಮನೆಯ ಸರಿಯಾದ ಮಾತು. ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೇ ಇಲ್ಲಿ ಎಡವಿದ್ದೆ. ಮಲಯಾಳ ಮನೆಮಾತಿನ ಒಂದು ಮಗು ಕಿವಿ ತೋರಿಸಿ ‘ಚೆವಿ’ ಅಂದಿತು. ‘ಕ’ ಮುಂದಕ್ಕೆ ಸರಿದು ‘ಚ’ ಆಗಿದೆ ಅಂತ ನಾನು ಫ್ರಂಟಿಂಗ್ ಪಟ್ಟಿಗೆ ಬರೆದುಕೊಂಡೆ. ಮಲಯಾಳದಲ್ಲಿ ಕಿವಿಗೆ ಹೇಳುವುದೇ ಹಾಗೆ. ಆ ಮಗುವಿನ ‘ಕ’ದಲ್ಲಿ ಯಾವ ದೋಷವೂ ಇರಲಿಲ್ಲ.

ಒತ್ತಕ್ಷರಕ್ಕೂ ಇದೇ ಎಚ್ಚರ ಬೇಕು. ಮನೆಯ ಹಿರಿಯರೇ ‘ಇಸ್ಕೂಲು’, ‘ಬುರುಷು’ ಅನ್ನುವವರಾದರೆ ಮಗುವೂ ಅದನ್ನೇ ಕಲಿಯುತ್ತದೆ. ಅದನ್ನು ತಪ್ಪು ಅಂತ ಎಣಿಸಬೇಡಿ. ಸುಲಭದ ಉಪಾಯ ಅಂದರೆ, ಮಗುವಿಗೆ ತೋರಿಸುವ ವಸ್ತುಗಳನ್ನೇ ತಾಯಿಗೋ ಅಜ್ಜಿಗೋ ತೋರಿಸಿ, ಅವರು ಹೇಳುವುದನ್ನು ಮೊದಲು ಬರೆದುಕೊಳ್ಳಿ. ಮಗುವನ್ನು ಹೋಲಿಸಬೇಕಾದದ್ದು ಅದರ ಜೊತೆ, ಪುಸ್ತಕದ ಕನ್ನಡದ ಜೊತೆ ಅಲ್ಲ.

ಹೆಜ್ಜೆ 2: ಪದಗಳನ್ನು ಆರಿಸಿ

ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ ಬೇಡುವ ಹೆಜ್ಜೆ ಇದು. ‘ಕೋತಿ’ ತೋರಿಸಿದಿರಿ, ಮಗು ‘ತೋತಿ’ ಅಂದಿತು. ಇದು ಫ್ರಂಟಿಂಗಾ? ಹೇಳಲು ಬರುವುದಿಲ್ಲ. ಮುಂದೆ ಬರುವ ‘ತ’ ತನ್ನ ಹಿಂದಿನ ‘ಕ’ವನ್ನು ತನ್ನಂತೆ ಮಾಡಿಕೊಂಡಿರಬಹುದು. ಅದು ಬೇರೆಯೇ ನಿಯಮ, ಅದರ ಹೆಸರು ಅಸಿಮಿಲೇಶನ್. ‘ಕತ್ತೆ’, ‘ಗಿಡ’, ‘ಕಣ್ಣು’ ಇವುಗಳಲ್ಲೂ ಅದೇ ತೊಡಕು. ಹಾಗಾಗಿ ಫ್ರಂಟಿಂಗ್ ನೋಡಲು ತವರ್ಗ, ಟವರ್ಗದ ಶಬ್ದ ಇಲ್ಲದ ಪದಗಳೇ ಬೇಕು. ನಾನು ಬಳಸುವ ಪದಗಳು ಇವು: ಕಾಫಿ, ಕಿವಿ, ಕಪ್ಪೆ, ಕೈ, ಗೂಬೆ, ಕಾಗೆ, ಮೂಗು, ಮಗು, ಹಗ್ಗ, ಬೆಕ್ಕು, ಹಕ್ಕಿ, ಅಕ್ಕ. 12 ಪದ. ‘ಕಾಗೆ’ಯಲ್ಲಿ ಎರಡು ಸಲ ಬರುವುದರಿಂದ ‘ಕ’, ‘ಗ’ ಹೇಳುವ ಅವಕಾಶ ಒಟ್ಟು 13. ‘ಟ’ವೂ ‘ತ’ ಆಗುತ್ತದಾ ಅಂತ ನೋಡಲು ‘ಟೋಪಿ’, ‘ಮೊಟ್ಟೆ’ ಸೇರಿಸಿಕೊಳ್ಳಿ.

ಕ್ಲಸ್ಟರ್‌ಗೆ 8 ಪದ: ಬ್ರಷ್, ಡ್ರೆಸ್, ಪ್ಲೇಟ್, ಸ್ವೆಟರ್, ಸ್ಕೂಲ್, ಸ್ಪೂನ್, ಚಂದ್ರ, ಪುಸ್ತಕ. ಹೆಚ್ಚಿನವು ಇಂಗ್ಲಿಷ್‌ನಿಂದ ಬಂದ ಪದಗಳು. ಪದದ ಮೊದಲಲ್ಲೇ ಎರಡು ವ್ಯಂಜನ ಬರುವುದು ಅಚ್ಚಗನ್ನಡದಲ್ಲಿ ಅಪರೂಪ, ಹಾಗಾಗಿ ಬೇರೆ ದಾರಿ ಇಲ್ಲ. ಮಗುವಿಗೆ ದಿನಬಳಕೆಯಲ್ಲಿ ಗೊತ್ತಿರುವ ಪದಗಳನ್ನೇ ತೆಗೆದುಕೊಳ್ಳಿ.

ಇವುಗಳ ಜೊತೆಗೆ ಅದೇ ವ್ಯಂಜನಗಳು ಒತ್ತಿಲ್ಲದೆ ಒಂಟಿಯಾಗಿ ಬರುವ ಪದಗಳೂ ಬೇಕು: ಸೀರೆ, ಸೋಪು, ಲಾರಿ, ರೈಲು, ವಡೆ. ಇವು ಯಾಕೆ ಅಂತ ಐದನೇ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 3: ಹೇಳಿಸಿ, ಹೇಳಿಕೊಡಬೇಡಿ

‘ಕಾಫಿ ಅನ್ನು ನೋಡೋಣ’ ಅಂದರೆ ಮಗು ನಿಮ್ಮ ಬಾಯಿ ನೋಡಿ ಅನುಕರಿಸುತ್ತದೆ. ತಾನಾಗಿ ಹೇಳುವುದಕ್ಕಿಂತ ಅನುಕರಣೆ ಎಷ್ಟೋ ಸಲ ಚೆನ್ನಾಗಿರುತ್ತದೆ, ನಿಮ್ಮ ಎಣಿಕೆ ಸುಳ್ಳಾಗುತ್ತದೆ. ಚಿತ್ರ ಅಥವಾ ವಸ್ತು ತೋರಿಸಿ ‘ಇದೇನು?’ ಅಂತ ಕೇಳಿ. ಗೊತ್ತಾಗದಿದ್ದರೆ ‘ಬೆಳಿಗ್ಗೆ ಅಜ್ಜಿ ಬಿಸಿಬಿಸಿ ಏನು ಕುಡೀತಾರೆ?’ ಅಂತ ಸುಳಿವು ಕೊಡಿ. ಕೊನೆಗೂ ಬರದಿದ್ದರೆ ಮಾತ್ರ ಹೇಳಿಕೊಡಿ, ಆ ಪದದ ಮುಂದೆ ಗುರುತು ಹಾಕಿಕೊಳ್ಳಿ.

ಫೋನಿನಲ್ಲಿ ರೆಕಾರ್ಡ್ ಮಾಡಿ. ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಮಾಡಿದ ರೆಕಾರ್ಡಿಂಗ್‌ನಲ್ಲಿ ‘ತ’ ಯಾವುದು ‘ಕ’ ಯಾವುದು ಅಂತ ತಿಳಿಯುವುದಿಲ್ಲ. ಮಳೆ ನಿಲ್ಲುವವರೆಗೆ ಕಾಯುವುದೇ ಮೇಲು. ಕೊನೆಯಲ್ಲಿ ಎರಡು ನಿಮಿಷ ಸುಮ್ನೆ ಮಾತಾಡಿಸಿ. ಒಂದೊಂದೇ ಪದ ಸರಿ ಹೇಳಿ ಮಾತಿನ ಓಟದಲ್ಲಿ ತಪ್ಪುವ ಮಕ್ಕಳಿದ್ದಾರೆ.

ಹೆಜ್ಜೆ 4: ಕೇಳಿದ ಹಾಗೇ ಬರೆಯಿರಿ

ಕನ್ನಡ ಲಿಪಿ ಇಲ್ಲಿ ತುಂಬಾ ಅನುಕೂಲ. ಎಡಕ್ಕೆ ಹಿರಿಯರು ಹೇಳಿದ ರೂಪ, ಬಲಕ್ಕೆ ಮಗು ಹೇಳಿದ ರೂಪ ಬರೆಯಿರಿ. ನಮ್ಮ ಹುಡುಗನ ಹಾಳೆ ಹೀಗಿತ್ತು:

ಕಾಫಿ – ತಾಫಿ
ಕಿವಿ – ತಿವಿ
ಕಪ್ಪೆ – ತಪ್ಪೆ
ಕೈ – ತೈ
ಗೂಬೆ – ದೂಬೆ
ಕಾಗೆ – ತಾದೆ
ಮೂಗು – ಮೂದು
ಮಗು – ಮದು
ಹಗ್ಗ – ಹದ್ದ
ಬೆಕ್ಕು, ಹಕ್ಕಿ, ಅಕ್ಕ – ಮೂರೂ ಸರಿ

13 ಅವಕಾಶಗಳಲ್ಲಿ 10 ತಪ್ಪು, ಅಂದರೆ ಸುಮಾರು 77%. ಒಂದು ನಿಯಮ ಇದೆ ಅನ್ನಲು ನಮ್ಮ ಕ್ಷೇತ್ರದಲ್ಲಿ ಬಳಸುವ ಒಂದು ಅಳತೆ, ಕನಿಷ್ಠ 4 ಅವಕಾಶ ಇರಬೇಕು, ಅದರಲ್ಲಿ 20% ಆದರೂ ಆ ತಪ್ಪು ಕಾಣಬೇಕು. ಇಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ‘ಟೋಪಿ’, ‘ಮೊಟ್ಟೆ’ ಸರಿಯಾಗಿದ್ದವು. ಹಾಗಾಗಿ ಮುಂದಕ್ಕೆ ಸರಿದಿರುವುದು ಕವರ್ಗ ಮಾತ್ರ.

ಸರಿ ಹೇಳಿದ ಮೂರು ಪದಗಳನ್ನು ಇನ್ನೊಮ್ಮೆ ನೋಡಿ. ಮೂರರಲ್ಲೂ ಇರುವುದು ‘ಕ್ಕ’. ಪದದ ನಡುವೆ ಒತ್ತಿ ಹಿಡಿದಾಗ ಅವನಿಗೆ ‘ಕ’ ಬರುತ್ತದೆ. ಚಿಕಿತ್ಸೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಇಂಥ ಕಡೆಯೇ ಸಿಗುತ್ತದೆ. ತಪ್ಪುಗಳನ್ನು ಮಾತ್ರ ಬರೆದುಕೊಂಡು ಸರಿಯಾದವನ್ನು ಬಿಟ್ಟಿದ್ದರೆ ನಾನು ಇದನ್ನು ಕಾಣುತ್ತಲೇ ಇರಲಿಲ್ಲ.

ಕ್ಲಸ್ಟರ್ ಹಾಳೆ: ಬ್ರಷ್ – ಬಸ್, ಡ್ರೆಸ್ – ಡೆಸ್, ಪ್ಲೇಟ್ – ಪೇಟ್, ಸ್ವೆಟರ್ – ಸೆಟಲ್, ಸ್ಕೂಲ್ – ತೂಲ್, ಸ್ಪೂನ್ – ಪೂನ್, ಚಂದ್ರ – ಚಂದ, ಪುಸ್ತಕ – ಪುಸ್ತತ. 8ರಲ್ಲಿ 7 ಕಡೆ ಒಂದು ವ್ಯಂಜನ ಬಿದ್ದಿದೆ. ‘ಪುಸ್ತಕ’ದ ‘ಸ್ತ’ ಉಳಿದಿದೆ. ಬ್ರಷ್‌ನ ‘ಷ’ ‘ಸ’ ಆದದ್ದನ್ನು ನಾನು ಎಣಿಸಲಿಲ್ಲ, ಅಜ್ಜಿ ಕೂಡ ಹಾಗೇ ಅನ್ನುತ್ತಿದ್ದರು. ‘ಪುಸ್ತತ’ದ ಕೊನೆಯ ‘ತ’ವನ್ನೂ ಫ್ರಂಟಿಂಗ್ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಯಾಕೆಂದರೆ ಪಕ್ಕದಲ್ಲೇ ಇನ್ನೊಂದು ‘ತ’ ಇದೆ.

ಹೆಜ್ಜೆ 5: ಒಂದೇ ಪದದಲ್ಲಿ ಎರಡು ನಿಯಮ ಇದ್ದರೆ ಬಿಡಿಸಿ ನೋಡಿ

‘ಸ್ಕೂಲ್’ ಯಾಕೆ ‘ತೂಲ್’ ಆಯಿತು? ಎರಡು ದಾರಿ ಇವೆ. ಒಂದು, ‘ಸ’ ಬಿದ್ದು ‘ಕೂಲ್’ ಆಗಿ, ಆಮೇಲೆ ‘ಕ’ ‘ತ’ ಆಗಿರಬಹುದು. ಇನ್ನೊಂದು, ‘ಕ’ ಬಿದ್ದು ‘ಸೂಲ್’ ಆಗಿ, ‘ಸ’ವನ್ನು ಹೇಳಲಾಗದೆ ‘ತ’ ಅಂದಿರಬಹುದು. ‘ಸ’ದಂತೆ ಗಾಳಿ ಹರಿಯುತ್ತಲೇ ಇರುವ ಶಬ್ದ, ‘ತ’ದಂತೆ ಗಾಳಿಯನ್ನು ತಡೆದು ಬಿಡುವ ಶಬ್ದ ಆಗುವುದಕ್ಕೆ ಸ್ಟಾಪಿಂಗ್ ಅನ್ನುತ್ತೇವೆ. ಎರಡರಲ್ಲೂ ಕಿವಿಗೆ ಬೀಳುವುದು ‘ತೂಲ್’. ಆದರೆ ಚಿಕಿತ್ಸೆ ಬೇರೆ ಬೇರೆ.

ಒಂಟಿ ಶಬ್ದದ ಪದಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ‘ಸೀರೆ’, ‘ಸೋಪು’ ಎರಡರಲ್ಲೂ ಅವನ ‘ಸ’ ಸರಿಯಾಗಿತ್ತು. ಹಾಗಾದರೆ ‘ಸ’ ‘ತ’ ಆಗುವ ನಿಯಮ ಅವನಲ್ಲಿ ಇಲ್ಲ. ‘ಸ್ಪೂನ್’ ‘ಪೂನ್’ ಆಗಿತ್ತು, ಅಂದರೆ ಬೀಳುವುದು ‘ಸ’. ಎರಡೂ ಸೇರಿ ಮೊದಲ ದಾರಿಯನ್ನೇ ತೋರಿಸುತ್ತವೆ: ‘ಸ’ ಬಿದ್ದು, ಅದರ ಮೇಲೆ ಫ್ರಂಟಿಂಗ್ ಕೂತಿದೆ.

ಇದೇ ರೀತಿ ‘ರ’ವನ್ನೂ ನೋಡಬೇಕು. ‘ರೈಲು’ ತೋರಿಸಿದರೆ ಅವನು ‘ಲೈಲು’ ಅಂದ. ಒಂಟಿಯಾಗಿದ್ದಾಗಲೇ ‘ರ’ ಬರದವನಿಗೆ ‘ಬ್ರ’ ಎಲ್ಲಿಂದ ಬರಬೇಕು? ಹಾಗಾಗಿ ಬ್ರಷ್, ಡ್ರೆಸ್, ಚಂದ್ರ ಮೂರನ್ನೂ ಪಕ್ಕಕ್ಕಿಟ್ಟೆ. ಉಳಿದ 5ರಲ್ಲಿ 4 ಕಡೆ ಒತ್ತು ಬಿದ್ದಿದೆ. ಅವನಿಗೆ ‘ಲಾರಿ’ಯ ‘ಲ’ ಬರುತ್ತದೆ, ‘ವಡೆ’ಯ ‘ವ’ ಬರುತ್ತದೆ, ‘ಸೀರೆ’ಯ ‘ಸ’ ಬರುತ್ತದೆ. ಜೋಡಿಯಾದಾಗ ಮಾತ್ರ ಒಂದು ಹೋಗುತ್ತದೆ. ಇದು ನಿಜವಾದ ಕ್ಲಸ್ಟರ್ ರಿಡಕ್ಷನ್. ಅವನು ‘ಬ್ರಷ್’ಗೆ ‘ಬ್ಲಸ್’ ಅಂದಿದ್ದರೆ ಕಥೆ ಬೇರೆ. ಆಗ ಎರಡು ವ್ಯಂಜನವೂ ಇವೆ, ಒಂದು ಬದಲಾಗಿದೆ ಅಷ್ಟೇ, ಒತ್ತು ಬಿದ್ದಿಲ್ಲ.

ಹೆಜ್ಜೆ 6: ಕೇಳುತ್ತದಾ? ಹೇಳಿಸಿದರೆ ಬರುತ್ತದಾ?

ತೆಂಗಿನಕಾಯಿಯ ಚಿತ್ರ ಒಂದು, ತಾಯಿಯ ಚಿತ್ರ ಒಂದು ಇಟ್ಟು, ಬಾಯಿ ಮರೆಮಾಡಿಕೊಂಡು ‘ಕಾಯಿ ತೋರಿಸು’, ‘ತಾಯಿ ತೋರಿಸು’ ಅಂತ ಅದಲು ಬದಲು ಮಾಡಿ 10 ಸಲ ಕೇಳಿ. ಊಹೆಯ ಮೇಲೇ 5 ಸರಿ ಬರಬಹುದು, ಆದ್ದರಿಂದ 8-9 ಬಂದರೆ ಮಾತ್ರ ವ್ಯತ್ಯಾಸ ಗೊತ್ತಿದೆ ಅನ್ನಬಹುದು. ‘ಕಲೆ-ತಲೆ’, ‘ಕೂಗು-ತೂಗು’ ಜೋಡಿಗಳೂ ಆಗುತ್ತವೆ. ಹುಡುಗ 9 ಸಲ ಸರಿಯಾಗಿ ತೋರಿಸಿದ. ನಾನು ಬೇಕಂತಲೇ "ತಾಫಿ ಬೇಕಾ ಪುಟ್ಟಾ?" ಅಂದೆ. ಅವನಿಗೆ ಸಿಟ್ಟೇ ಬಂತು. "ತಾಫಿ ಅಲ್ಲ, ತಾಫಿ!" ಅಂದ. ಕಿವಿಗೆ ‘ಕ’ ಗೊತ್ತಿದೆ, ಬಾಯಿಗೆ ಇನ್ನೂ ದಾರಿ ಸಿಕ್ಕಿಲ್ಲ. ಇಂಥ ಮಗುವಿನ ಮಾತನ್ನು ಅಣಕಿಸಬೇಡಿ ಅಂತ ನಾನು ಎಲ್ಲರನ್ನೂ ಬೇಡಿಕೊಳ್ಳುತ್ತೇನೆ. ತಾನು ಸರಿಯಾಗಿಯೇ ಹೇಳಿದೆ ಅಂತ ಅದು ನಂಬಿರುತ್ತದೆ.

ಆಮೇಲೆ ‘ಕ’ವನ್ನು ಅನುಕರಿಸಲು ಹೇಳಿ. ಬರೀ ‘ಕ’ ಬರಲಿಲ್ಲ. ‘ಅಕ್ಕ’ವನ್ನು ಎಳೆದು ‘ಅಕ್... ಕಾ’ ಅಂತ ಹೇಳಿಸಿದಾಗ ಮೂರನೇ ಸಲಕ್ಕೆ ಬಂತು. ಹೀಗೆ ಸಹಾಯ ಕೊಟ್ಟಾಗ ಬರುವ ಶಬ್ದವನ್ನು ಕಲಿಸುವುದು ಸುಲಭ.

ಹೆಜ್ಜೆ 7: ವಯಸ್ಸಿನ ಪಕ್ಕದಲ್ಲಿಟ್ಟು ನೋಡಿ

ಫ್ರಂಟಿಂಗ್ ಸಾಮಾನ್ಯವಾಗಿ ಮೂರೂವರೆ ವರ್ಷದ ಹೊತ್ತಿಗೆ ಬಿಟ್ಟು ಹೋಗುತ್ತದೆ. ಕ್ಲಸ್ಟರ್ ರಿಡಕ್ಷನ್ 4 ವರ್ಷದವರೆಗೆ, ‘ಸ’ ಇರುವ ಒತ್ತುಗಳಲ್ಲಿ 5ರವರೆಗೂ ಇರಬಹುದು. ಈ ವಯಸ್ಸುಗಳು ಹೆಚ್ಚಾಗಿ ಇಂಗ್ಲಿಷ್ ಮಾತಾಡುವ ಮಕ್ಕಳನ್ನು ನೋಡಿ ಹಾಕಿದ ಗೆರೆಗಳು. ‘ಕ’ ಎರಡೂ ಭಾಷೆಯಲ್ಲಿ ಬೇಗ ಬರುವ ಶಬ್ದ, ಹಾಗಾಗಿ ಫ್ರಂಟಿಂಗ್‌ಗೆ ಈ ಗೆರೆ ನಂಬಬಹುದು. ಪದದ ಮೊದಲಿನ ಒತ್ತುಗಳನ್ನು ನಮ್ಮ ಮಕ್ಕಳು ಕೇಳುವುದೇ ಕಡಿಮೆ. ಅಲ್ಲಿ ನಾನು ಸ್ವಲ್ಪ ಸಡಿಲ ಬಿಡುತ್ತೇನೆ.

ಹೀಗೆ ನೋಡಿದಾಗ ತಾಯಿ, ಅಜ್ಜಿ ಇಬ್ಬರ ಮಾತಿನಲ್ಲೂ ನಿಜ ಇತ್ತು. ಫ್ರಂಟಿಂಗ್ ವಿಷಯದಲ್ಲಿ ತಾಯಿ ಸರಿ: 4 ವರ್ಷ ದಾಟಿದೆ, ಸುಮಾರು 77% ತಪ್ಪು, ಹೊರಗಿನವರಿಗೆ ಮಾತು ಅರ್ಥ ಆಗುತ್ತಿಲ್ಲ. ಒತ್ತಕ್ಷರದ ವಿಷಯದಲ್ಲಿ ಅಜ್ಜಿ ಸರಿ: 5 ತುಂಬುವವರೆಗೆ ಕಾದು ನೋಡಬಹುದು.

ಇಂಥದ್ದು ಕಂಡರೆ ಕಾಯಬೇಡಿ

ಮೇಲಿನ ಎರಡೂ ನಿಯಮಗಳು ಸಹಜವಾಗಿ ಬೆಳೆಯುವ ಮಕ್ಕಳಲ್ಲೂ ಸ್ವಲ್ಪ ಕಾಲ ಇರುತ್ತವೆ. ಕೆಲವು ತಪ್ಪುಗಳು ಹಾಗಲ್ಲ. ‘ತಾಯಿ’ ‘ಕಾಯಿ’ ಆಗಿ ಮಾತು ಹಿಂದಕ್ಕೆ ಸರಿದರೆ, ಪದದ ಮೊದಲ ವ್ಯಂಜನವೇ ಹೋಗಿ ‘ಮೂಗು’ ‘ಊಗು’ ಆದರೆ, ಸ್ವರಗಳೇ ಕೆಟ್ಟರೆ, ಮಾತೆಲ್ಲ ಮೂಗಿನಿಂದ ಬಂದರೆ ಬೇಗ ತೋರಿಸಿ. ಒಂದೇ ಪದವನ್ನು ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೇಳಿಸಿ. ನಮ್ಮ ಹುಡುಗನಿಗೆ ‘ಕಪ್ಪೆ’ ಮೂರು ಸಲವೂ ‘ತಪ್ಪೆ’. ಬದಲಿಗೆ ಒಮ್ಮೆ ‘ತಪ್ಪೆ’, ಒಮ್ಮೆ ‘ಪಪ್ಪೆ’, ಒಮ್ಮೆ ‘ಅಪ್ಪೆ’ ಆದರೆ ಅಲ್ಲಿ ನಿಯಮವೇ ಇಲ್ಲ ಅಂತ ಅರ್ಥ. ಅಂಥ ಮಗುವಿಗೆ ಬೇರೆ ರೀತಿಯ ಪರೀಕ್ಷೆ ಬೇಕು.

ತೋರಿಸುವುದು ಎಲ್ಲಿ? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡಬೇಕು. ಆ ತಂಡ ಬಂದ ದಿನ ನಿಮ್ಮ ಹಾಳೆಯನ್ನೂ ರೆಕಾರ್ಡಿಂಗನ್ನೂ ಕೊಡಿ. ಪೂರ್ತಿ ಪರೀಕ್ಷೆ ಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಖಾಸಗಿಯಾಗಿ ಹೋಗುವುದಾದರೆ ಚಿಕಿತ್ಸಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಅಂತ ಕೇಳಿ.

ನಮ್ಮ ಹುಡುಗನಿಗೆ ‘ಅಕ್ಕ’ದಿಂದ ಶುರು ಮಾಡಿ, ‘ಅಕ್ಕಾ ಕೈ’, ‘ಅಕ್ಕಾ ಕಾಫಿ’ ಅಂತ ಮುಂದುವರಿದೆವು. ಮನೆಯಲ್ಲಿ ದಿನಕ್ಕೆ 10 ನಿಮಿಷ ಅಜ್ಜಿಯೇ ಮಾಡಿಸಿದರು. ಮೂರು ತಿಂಗಳ ನಂತರ ಅದೇ 12 ಪದ ಮತ್ತೆ ಹೇಳಿಸಿದೆ. 13ರಲ್ಲಿ ತಪ್ಪಿದ್ದು 3, ಮೂರೂ ‘ಗ’ ಇರುವ ಕಡೆ. ಒತ್ತಕ್ಷರದ ಹಾಳೆಯಲ್ಲಿ ಆಗಲೂ ಒತ್ತು ಬೀಳುವುದು ನಿಂತಿರಲಿಲ್ಲ. ಆದರೆ ‘ತೂಲ್’ ಹೋಗಿತ್ತು. ಅವನು ಈಗ ‘ಕೂಲ್’ಗೆ ಹೋಗುತ್ತಿದ್ದ.